ರುಚಿಗೆ 40 ಅಂಕ ಅಂತ ಬರೆದರೆ ರುಚಿ ಗೆದ್ದ ಹಾಗಾಯ್ತಾ?

ಮೊನ್ನೆ ಒಂದು ಬೇಕಿಂಗ್ ಸ್ಪರ್ಧೆಗೆ ಜಡ್ಜ್ ಆಗಿ ಬನ್ನಿ ಅಂತ ಫೋನ್ ಬಂತು. ಬರ್ತೀನಿ, ಆದರೆ ಸ್ಕೋರ್ ಶೀಟ್ ಮೊದಲೇ ಕಳಿಸಿ ಅಂದೆ. ಆ ಕಡೆಯವರು ಸ್ವಲ್ಪ ತಡವರಿಸಿದರು. "ಅದೇ ಮಾಮೂಲಿ ಶೀಟ್ ಮೇಡಂ, ರುಚಿ, ತಂತ್ರ, ಅಂದ ಎಲ್ಲ ಇರುತ್ತಲ್ಲ, ಬಂದ ಮೇಲೆ ಕೊಡ್ತೀವಿ."

ಆ ಮಾಮೂಲಿ ಶೀಟ್ ನನ್ನ ಕೈ ಒಮ್ಮೆ ಚೆನ್ನಾಗಿಯೇ ಸುಟ್ಟಿದೆ. ಅದಕ್ಕೇ ಈ ಪೋಸ್ಟ್, ಸ್ವಲ್ಪ ಉದ್ದ ಆಗುತ್ತೆ.

ಕೆಲವು ವರ್ಷದ ಹಿಂದೆ ಒಂದು ಕಪ್‌ಕೇಕ್ ಸ್ಪರ್ಧೆಯಲ್ಲಿ ನಾವು ಮೂವರು ಜಡ್ಜ್ ಇದ್ದೆವು. ರುಚಿಗೆ 40, ತಂತ್ರಕ್ಕೆ 30, ಅಂದಕ್ಕೆ 15, ಎಲ್ಲ ಪೀಸೂ ಒಂದೇ ಥರ ಬಂದಿದೆಯಾ ಅನ್ನೋದಕ್ಕೆ 15. ನೋಡಿದರೆ ನ್ಯಾಯವಾಗಿಯೇ ಇದೆ, ಅಲ್ವಾ? ಫಲಿತಾಂಶ ಹೇಳಿದ ಮೇಲೆ ಎರಡನೇ ಸ್ಥಾನ ಬಂದ ಹೆಣ್ಣುಮಗಳು ನನ್ನ ಹತ್ತಿರ ಬಂದು ಕೇಳಿದಳು: "ಮೇಡಂ, ಮೂರೂ ಜಡ್ಜ್ ನಂದೇ ರುಚಿ ಚೆನ್ನಾಗಿತ್ತು ಅಂದ್ರಿ. ಮತ್ತೆ ಹೇಗೆ ಸೋತೆ?" ಜಗಳಕ್ಕೆ ಬಂದಿರಲಿಲ್ಲ, ನಿಜವಾಗಲೂ ತಿಳ್ಕೊಳ್ಳೋಕೆ ಬಂದಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೋ ತೊದಲಿ ಕಳಿಸಿದೆ.

ಮನೆಗೆ ಬಂದು ನನ್ನ ಶೀಟಿನ ಫೋಟೋ ತೆಗೆದು ಕೂತೆ. ಎಲ್ಲವನ್ನೂ ಹತ್ತಕ್ಕೆ ಹಾಕಿ, ಆಮೇಲೆ ತೂಕಕ್ಕೆ ತಕ್ಕ ಹಾಗೆ ಗುಣಿಸೋ ಪದ್ಧತಿ. ಅವಳ ರುಚಿಗೆ 8 ಕೊಟ್ಟಿದ್ದೆ, ಗೆದ್ದವರ ರುಚಿಗೆ ಏಳೂವರೆ. ಗುಣಿಸಿದರೆ 32 ಮತ್ತು 30. ತಂತ್ರಕ್ಕೆ ಇಬ್ಬರಿಗೂ 7, ಅಂದರೆ 21. ಒಂದೇ ಥರ ಬಂದಿದ್ದಕ್ಕೆ ಅವಳಿಗೆ 8, ಅವರಿಗೆ 7, ಅಂದರೆ 12 ಮತ್ತು ಹತ್ತೂವರೆ. ಇಲ್ಲಿಯವರೆಗೆ ಅವಳೇ ಮೂರೂವರೆ ಅಂಕ ಮುಂದೆ. ಆದರೆ ಅಂದಕ್ಕೆ ಅವಳಿಗೆ 4, ಅವರಿಗೆ 9 ಹಾಕಿದ್ದೆ. ಅದು 6 ಮತ್ತು ಹದಿಮೂರೂವರೆ. ಒಟ್ಟು ಅವಳಿಗೆ 71, ಗೆದ್ದವರಿಗೆ 75.

ಅಂದರೆ 40 ಅಂಕದ ರುಚಿ ಇಬ್ಬರ ನಡುವೆ ತಂದ ವ್ಯತ್ಯಾಸ ಬರೀ ಎರಡು. 15 ಅಂಕದ ಕ್ರೀಮ್ ಹೂವು ತಂದಿದ್ದು ಏಳೂವರೆ. ಶೀಟಿನಲ್ಲಿ ರುಚಿಯೇ ದೊಡ್ಡದು ಅಂತ ಅಚ್ಚು ಹಾಕಿದ್ದರೂ ಸ್ಪರ್ಧೆ ನಡೆದಿದ್ದು ಹೂವಿನ ಮೇಲೆ.

ಇದು ನಾನೊಬ್ಬಳೇ ಮಾಡೋ ತಪ್ಪಲ್ಲ. ರುಚಿಗೆ ಅಂಕ ಹಾಕುವಾಗ ಎಲ್ಲರಿಗೂ ಕೈ ಹಿಡಿಯುತ್ತೆ. ಪಾಪ ಅಷ್ಟು ಕಷ್ಟಪಟ್ಟು ಮಾಡಿದ್ದಾರೆ, 3 ಹೇಗೆ ಹಾಕೋದು ಅಂತ ಎಲ್ಲರಿಗೂ 7, ಏಳೂವರೆ, 8. ಮತ್ತೆ ರುಚಿ ಅವರವರ ನಾಲಿಗೆಯದು, ಧೈರ್ಯವಾಗಿ ಹೇಳೋಕೆ ಅಳುಕು. ಅಂದದ ವಿಷಯದಲ್ಲಿ ಆ ಅಳುಕಿಲ್ಲ. ಕ್ರೀಮ್ ವಾಲಿದ್ದು ಎಲ್ಲರ ಕಣ್ಣಿಗೂ ಕಾಣುತ್ತೆ, ಸಲೀಸಾಗಿ 4 ಹಾಕಿಬಿಡ್ತೀವಿ. ಯಾವ ಕಾಲಮ್ಮಿನಲ್ಲಿ ಅಂಕ ಮೇಲೆ ಕೆಳಗೆ ಜಾಸ್ತಿ ಓಡಾಡುತ್ತೋ ಆ ಕಾಲಮ್ಮೇ ಗೆಲ್ಲಿಸುತ್ತೆ. ಎಲ್ಲರಿಗೂ ಒಂದೇ ಅಂಕ ಕೊಟ್ಟ ಕಾಲಮ್ಮಿಗೆ 90 ತೂಕ ಕೊಟ್ಟರೂ ಅದು ಇದ್ದೂ ಇಲ್ಲದ ಹಾಗೆ.

ಹಾಗಾಗಿ ಈಗ ನಾನು ಹೋಗೋ ಕಡೆ ರುಚಿಯ ಕಾಲಮ್ಮಿಗೆ ಮಾತಿನ ಗುರುತು ಹಾಕಿಸ್ತೀನಿ. 10 ಅಂದರೆ ಏನೂ ತಿದ್ದೋಕಿಲ್ಲ. 8 ಅಂದರೆ ಒಂದು ಸಣ್ಣ ಕೊರತೆ, ಹುಡುಕಿದರೆ ಸಿಗೋದು. 6 ಅಂದರೆ ತಿನ್ನಬಹುದು, ಆದರೆ ಪ್ರತಿ ತುತ್ತಿನಲ್ಲೂ ಒಂದು ದೋಷ ಗೊತ್ತಾಗುತ್ತೆ, ಸಿಹಿ ಹೆಚ್ಚೋ, ಒಣಗಿದೆಯೋ. 4 ಅಂದರೆ ಎರಡನೇ ತುತ್ತು ಬೇಡ ಅನ್ನಿಸಿತು. 2 ಅಂದರೆ ಬಾಯಲ್ಲಿ ಇಟ್ಟುಕೊಳ್ಳೋಕೇ ಆಗಲಿಲ್ಲ, ಬೇಕಿಂಗ್ ಸೋಡಾ ಜಾಸ್ತಿಯಾಗಿ ಸೋಪಿನ ರುಚಿ ಬರುತ್ತಲ್ಲ, ಆ ಥರ. ಈ ಗುರುತು ಎದುರಿಗೆ ಇದ್ದರೆ ಎಲ್ಲರಿಗೂ ಏಳೂವರೆ ಹಾಕಿ ಪಾರಾಗೋಕೆ ಆಗಲ್ಲ. ಆ ಹುಡುಗಿಯ ಕೇಕು ನನಗೆ ನಿಜಕ್ಕೂ 9, ಗೆದ್ದವರದು ಸಿಹಿ ಬಾಯಿಗೆ ಹೊಡೀತಿತ್ತು, ಈ ಗುರುತಿನಲ್ಲಿ 6. ಉಳಿದ ಅಂಕ ಯಾವುದನ್ನೂ ಮುಟ್ಟದೆ ಇಷ್ಟು ಬದಲಿಸಿದರೆ ಅವಳಿಗೆ 75, ಅವರಿಗೆ 69. ಅಂದದಲ್ಲಿ ಅವಳಿಗೆ ಬಿದ್ದ ಪೆಟ್ಟು ಹಾಗೇ ಇದೆ ನೋಡಿ, ಅದು ಬೀಳಲೇಬೇಕಿತ್ತು, ಆದರೂ ಅವಳೇ ಗೆಲ್ತಾಳೆ.

ಗುರುತು ಬರೆದರೆ ಮುಗೀಲಿಲ್ಲ, ಮೂವರಿಗೂ 6 ಒಂದೇ 6 ಆಗಬೇಕಲ್ಲ. ಅದಕ್ಕೆ ಸ್ಪರ್ಧೆಗೆ ಸೇರದ ಒಂದು ಕೇಕನ್ನು ಮೊದಲು ತಿನ್ನಬೇಕು. ಎಲ್ಲರೂ ಮಾತಾಡದೆ ಬರೆದು, ಒಟ್ಟಿಗೆ ತೋರಿಸೋದು. ಒಬ್ಬರು 5 ಬರೆದು ಇನ್ನೊಬ್ಬರು 8 ಬರೆದಿದ್ದರೆ ಆಗ ವಾದ ಮಾಡಿ, ಎಷ್ಟು ಬೇಕಾದರೂ. ಅರ್ಧ ಗಂಟೆ ಹೋಗುತ್ತೆ, ಆಯೋಜಕರು ಗಡಿಯಾರ ನೋಡ್ತಾರೆ, ನೋಡಲಿ ಬಿಡಿ. ಸ್ಪರ್ಧೆಯ ಕೇಕು ಬಂದ ಮೇಲೆ ಮಾತ್ರ ಬಾಯಿ ಮುಚ್ಚಿಕೊಂಡು ಬರೀಬೇಕು, ಪೆನ್ನಲ್ಲಿ. ಮೇಜಿನ ಹತ್ತಿರ ಹಿರಿಯ ಜಡ್ಜ್ ಒಬ್ಬರು "ಆಹಾ" ಅಂದರೂ ಸಾಕು, ಪಕ್ಕದವರ 6 ತಾನಾಗಿ 8 ಆಗುತ್ತೆ. ನಾನೇ ಹಾಗೆ ತಿದ್ದಿದ್ದೀನಿ, ಸುಳ್ಳು ಯಾಕೆ.

ತಂತ್ರದ ಕಾಲಮ್ಮಿನಲ್ಲಿ ಬೇರೆ ಎಡವಟ್ಟು. ಕೇಕು ಒಣಗಿದ್ದರೆ ರುಚಿಯಲ್ಲೂ ಕಳೀತಾರೆ, ಜಾಸ್ತಿ ಬೇಯಿಸಿದ್ದಾರೆ ಅಂತ ತಂತ್ರದಲ್ಲೂ ಕಳೀತಾರೆ. ಒಂದು ತಪ್ಪಿಗೆ ಎರಡು ದಂಡ. ನಾನು ಮಾಡ್ಕೊಂಡಿರೋ ರೂಢಿ ಇಷ್ಟೇ: ಬಾಯಿ ಹೇಳಿದ್ದು ರುಚಿಗೆ, ಚಾಕು ತೋರಿಸಿದ್ದು ತಂತ್ರಕ್ಕೆ. ಮೊದಲು ಕೇಕನ್ನು ಮೇಲಿಂದ ಕೆಳಗೆ ನೇರವಾಗಿ ಕತ್ತರಿಸಿ ಒಳಗೆ ನೋಡೋದು. ಒಳಗೆ ಉದ್ದುದ್ದ ಸುರಂಗದ ಥರ ತೂತಿದ್ದರೆ ಮೈದಾ ಹಾಕಿದ ಮೇಲೆ ಜಾಸ್ತಿ ಕಲಸಿದ್ದಾರೆ. ತಲೆ ಚೂಪಾಗಿ ಎದ್ದು ಬಿರಿದಿದ್ದರೆ ಹೆಚ್ಚಿನ ಸಲ ಓವನ್ ಬಿಸಿ ಜಾಸ್ತಿಯಾಗಿರುತ್ತೆ, ಹೊರಗಿನ ಪದರ ಮೊದಲೇ ಗಟ್ಟಿಯಾಗಿ ಒಳಗಿನ ಹಿಟ್ಟು ಅದನ್ನು ಒಡೆದು ಮೇಲೆ ಬಂದಿರುತ್ತೆ. ನಡು ಕುಸಿದಿದ್ದರೆ ಬೆಂದಿಲ್ಲ, ಇಲ್ಲವೇ ಬೇಗ ಬಾಗಿಲು ತೆಗೆದಿದ್ದಾರೆ, ಇಲ್ಲವೇ ಬೇಕಿಂಗ್ ಪೌಡರ್ ಹೆಚ್ಚಾಗಿದೆ. ಮೂರರಲ್ಲಿ ಯಾವುದು ಅಂತ ಖಚಿತವಾಗಿ ಹೇಳೋಕೆ ಆಗಲ್ಲ, ಹಾಗಾಗಿ ಕಾರಣ ಊಹಿಸಿ ಅಂಕ ಕಳೆಯಬಾರದು, ಕಂಡಿದ್ದಕ್ಕೆ ಮಾತ್ರ ಕಳೆಯಬೇಕು. ನಾವು ಅವರ ಅಡುಗೆಮನೆಯಲ್ಲಿ ನಿಂತು ನೋಡಿಲ್ಲ ತಾನೆ.

ಎಲ್ಲ ಪೀಸೂ ಒಂದೇ ಥರ ಇರಬೇಕು ಅನ್ನೋ ಕಾಲಮ್ಮನ್ನು ಜನ ಸುಮ್ನೆ ಕಣ್ಣಾಡಿಸಿ ತುಂಬಿಬಿಡ್ತಾರೆ. ನಾನೂ ಹಾಗೇ ಮಾಡ್ತಿದ್ದೆ. ಅದೇ ಸ್ಪರ್ಧೆಯಲ್ಲಿ ಇನ್ನೊಬ್ಬರ ಕಪ್‌ಕೇಕಿಗೆ ರುಚಿಯಲ್ಲಿ ನಾನು 8 ಹಾಕಿದ್ದೆ, ನನ್ನ ಪಕ್ಕದವರು 5, ಮೂರನೆಯವರು 6. ಒಬ್ಬರು ಒಣಗಿದೆ ಅಂದರು, ಇನ್ನೊಬ್ಬರು ನಡುವೆ ಅಂಟ್ತಿದೆ ಅಂದರು. ಒಂದೇ ಕೇಕು ಒಣಗಿಯೂ ಅಂಟಾಗಿಯೂ ಇರೋದು ಹೇಗೆ? ನಾಲಿಗೆಗಳೇ ಬೇರೆ ಅಂತ ನಕ್ಕು ಸುಮ್ಮನಾದೆವು. ಆರರಲ್ಲಿ ಮೂರು ನಾವು ತಿಂದಿದ್ದೆವು, ಉಳಿದ ಮೂರು ತಟ್ಟೆಯಲ್ಲೇ ಇದ್ದವು. ಯಾಕೋ ಅನುಮಾನ ಬಂದು ಅಡುಗೆಮನೆಯಿಂದ ಸ್ಕೇಲ್ ತಂದು ತೂಗಿದೆ. 61 ಗ್ರಾಂ, 52 ಗ್ರಾಂ, 44 ಗ್ರಾಂ. ಮೇಲೆ ಕ್ರೀಮ್ ಬೆಟ್ಟ ಕಟ್ಟಿದ್ದರಿಂದ ಕಣ್ಣಿಗೆ ಮೂರೂ ಒಂದೇ ಥರ ಕಾಣ್ತಿದ್ದವು. ಅರ್ಧಕ್ಕೆ ಕತ್ತರಿಸಿ ಪಕ್ಕಪಕ್ಕ ಇಟ್ಟರೆ ಕೇಕಿನ ಎತ್ತರವೇ ಬೇರೆ ಬೇರೆ. ಒಂದೇ ಓವನ್, ಒಂದೇ ಹೊತ್ತು, ಹಿಟ್ಟು ಕಡಿಮೆ ಬಿದ್ದಿದ್ದು ಒಣಗಿದೆ, ಜಾಸ್ತಿ ಬಿದ್ದಿದ್ದು ನಡುವೆ ಸರಿಯಾಗಿ ಬೆಂದಿಲ್ಲ. ನಮ್ಮ ನಾಲಿಗೆ ಸರಿಯಾಗೇ ಇತ್ತು. ಮೂವರೂ ಮೂರು ಬೇರೆ ಕೇಕು ತಿಂದಿದ್ದೆವು ಅಷ್ಟೇ.

ಅವತ್ತಿನಿಂದ ಸ್ಕೇಲ್ ನನ್ನ ಬ್ಯಾಗಲ್ಲೇ ಇರುತ್ತೆ. ತಿನ್ನೋಕೆ ಮೊದಲೇ ಎಲ್ಲವನ್ನೂ ತೂಗಿ, ಅತಿ ದೊಡ್ಡದು ಮತ್ತು ಅತಿ ಚಿಕ್ಕದರ ನಡುವಿನ ವ್ಯತ್ಯಾಸ ಸರಾಸರಿ ತೂಕದ ಎಷ್ಟು ಭಾಗ ಅಂತ ನೋಡ್ತೀನಿ. 51, 52, 53 ಗ್ರಾಂ ಬಂದರೆ ವ್ಯತ್ಯಾಸ 2 ಗ್ರಾಂ, ಶೇಕಡಾ 4ರ ಒಳಗೆ, ಅದಕ್ಕೆ ಪೂರ್ತಿ ಅಂಕ. ಶೇಕಡಾ 10ರ ಒಳಗಿದ್ದರೆ 8, 20ರ ಒಳಗಿದ್ದರೆ 5, ಅದರ ಮೇಲೆ 3. ಈ ಗೆರೆಗಳು ನಾನೇ ಹಾಕ್ಕೊಂಡಿದ್ದು, ನಿಮಗೆ ಬೇರೆ ಸರಿ ಅನ್ನಿಸಿದರೆ ಬೇರೆ ಇಟ್ಟುಕೊಳ್ಳಿ, ಆದರೆ ಸ್ಪರ್ಧೆಗೆ ಹೆಸರು ಕೊಡುವಾಗಲೇ ಎಲ್ಲರಿಗೂ ಗೊತ್ತಿರಬೇಕು. 44ರಿಂದ 61ಕ್ಕೆ ಹೋದವರದ್ದು ಸರಾಸರಿಯ ಮೂರನೇ ಒಂದು ಭಾಗ ಆಯ್ತು. ಇದಕ್ಕೆ ಯಾರ ನಾಲಿಗೆಯ ಸಾಕ್ಷಿಯೂ ಬೇಡ.

ಕೊನೆಗೆ ಶೀಟ್ ತೋರಿಸೋ ವಿಷಯ. ಬರೀ ಒಟ್ಟು ಅಂಕ ಗೋಡೆಗೆ ಅಂಟಿಸಿ ಪಾರದರ್ಶಕ ಅಂದರೆ ನಾನು ಒಪ್ಪಲ್ಲ. 71 ಅನ್ನೋ ಅಂಕಿ ನೋಡಿ ಆ ಹುಡುಗಿಗೆ ಏನು ಗೊತ್ತಾಗಬೇಕು? ಪ್ರತಿ ಜಡ್ಜ್ ಪ್ರತಿ ಕಾಲಮ್ಮಿನಲ್ಲಿ ಹಾಕಿದ್ದು, ಜೊತೆಗೆ ಒಂದು ಸಾಲು ಕಾರಣ, ಇದು ಸ್ಪರ್ಧಿಯ ಕೈಗೆ ಹೋಗಬೇಕು. ಜಡ್ಜ್ ಹೆಸರು ಬೇಡ ಅಂದರೆ ಒಂದು, ಎರಡು, ಮೂರು ಅಂತ ಹಾಕಿ. ಕೆಲವರು ಅತಿ ಹೆಚ್ಚು ಅತಿ ಕಡಿಮೆ ಅಂಕ ಎರಡನ್ನೂ ತೆಗೆದುಬಿಡಿ, ಆಗ ನ್ಯಾಯ ಅಂತಾರೆ. ಮೂವರು ಜಡ್ಜ್ ಇರೋ ಕಡೆ ಹಾಗೆ ಮಾಡಿದರೆ ಉಳಿಯೋದು ಒಬ್ಬರ ಅಂಕ, ಮತ್ತೆ ಉಳಿದಿಬ್ಬರು ತಿಂದಿದ್ದು ಯಾಕೆ? ಕಡಿಮೆ ಅಂದರೆ ಐವರಾದರೂ ಇದ್ದಾಗ ಅದಕ್ಕೊಂದು ಅರ್ಥ. ಅಂಕ ಸಮ ಬಂದರೆ ಯಾವುದನ್ನು ನೋಡೋದು ಅನ್ನೋದನ್ನೂ ಮೊದಲೇ ಬರೆದಿಡಿ. ಸಮ ಬಂದ ಮೇಲೆ ಕೂತು ನಿಯಮ ಮಾಡಿದರೆ ಆ ನಿಯಮಕ್ಕೆ ಆಗಲೇ ಒಂದು ಮುಖ ಇರುತ್ತೆ.

ಹೀಗೆ ಮಾಡಿದ ಒಂದು ಸ್ಪರ್ಧೆಯಲ್ಲಿ, ಶೀಟ್ ಕೈಗೆ ಸಿಕ್ಕಿದ ಒಬ್ಬರು ನನ್ನ ಸ್ಕೇಲನ್ನೇ ಹಿಡಿದರು. "ಮೇಡಂ, ಅವರು 24 ಬೇಯಿಸಿ, ಮನೆಯಲ್ಲೇ ತೂಗಿ, ಸರಿಯಾದ ಆರು ಆರಿಸಿ ತಂದಿದ್ದಾರೆ. ನಾನು ಆರೇ ಬೇಯಿಸಿದ್ದು." ಮಾತು ನಿಜ. ನಾನು ಅಳೀತಿದ್ದಿದ್ದು ಕೈಯ ಹದವನ್ನಲ್ಲ, ಆರಿಸೋ ತಾಳ್ಮೆಯನ್ನ. ಈಗ ಒಂದು ಡಜನ್ ಬೇಯಿಸಿ ಟ್ರೇ ಸಮೇತ ಹನ್ನೆರಡೂ ತನ್ನಿ, ಆರನ್ನು ನಾವೇ ಚೀಟಿ ಎತ್ತಿ ಆರಿಸ್ತೀವಿ ಅಂತ ಹಾಕಿಸ್ತಿದ್ದೀನಿ. ಆದರೂ ಮನೆಯಲ್ಲೇ ಬೇಯಿಸಿ ತರೋ ಸ್ಪರ್ಧೆಯಲ್ಲಿ ಎರಡು ಟ್ರೇ ಬೇಯಿಸಿ ಒಂದನ್ನು ಆರಿಸಿದರೆ ತಡೆಯೋಕೆ ನನ್ನ ಹತ್ತಿರ ಇನ್ನೂ ದಾರಿ ಇಲ್ಲ. ಎದುರಿಗೇ ಬೇಯಿಸೋ ಸ್ಪರ್ಧೆಯಾದರೆ ಸರಿ, ಅಲ್ಲದಿದ್ದರೆ ಆ ಕಾಲಮ್ಮಿನ 15 ಅಂಕವನ್ನು 10ಕ್ಕೆ ಇಳಿಸಿ ಅಂತ ಮೊನ್ನೆ ಫೋನ್ ಮಾಡಿದವರಿಗೆ ಹೇಳಿದ್ದೀನಿ. ಶೀಟ್ ಇನ್ನೂ ಬಂದಿಲ್ಲ.