ಮಣ್ಣಿನ ರಿಪೋರ್ಟ್: ಪಿಪಿಎಂ ಅಂದರೆ ಕಿಲೋ ಅಲ್ಲ

“ರಿಪೋರ್ಟಿನಲ್ಲಿ ಎಷ್ಟು ಪಿಪಿಎಂ ಇದೆಯೋ, ಎಕರೆಗೆ ಅಷ್ಟೇ ಕಿಲೋ ಗೊಬ್ಬರ ಹಾಕಿ.”

ಮೊಬೈಲಿಗೆ ಬರುವ ಈ ಫಾರ್ವರ್ಡ್ ತಪ್ಪು. ಆ ಸಂಖ್ಯೆ ಮಣ್ಣಿನಲ್ಲಿ ಈಗಾಗಲೇ ಇರುವುದನ್ನು ಹೇಳುತ್ತದೆ, ಹಾಕಬೇಕಾದ್ದನ್ನಲ್ಲ. ಒಂದು ಪಿಪಿಎಂ ಎಂದರೆ ಒಂದು ಕಿಲೋ ಮಣ್ಣಿನಲ್ಲಿ ಒಂದು ಮಿಲಿಗ್ರಾಂ.

ಕಾಸರಗೋಡಿನ ಒಂದು ಅಡಿಕೆ ತೋಟದ ರಿಪೋರ್ಟಿನಲ್ಲಿ ಪೊಟ್ಯಾಷ್ 60 ಪಿಪಿಎಂ ಅಂತಿದೆ ಎಂದುಕೊಳ್ಳಿ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 22.4 ಲಕ್ಷ ಕಿಲೋ ತೂಗುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ಒಂದು ಪಿಪಿಎಂ ಎಂದರೆ ಹೆಕ್ಟೇರಿಗೆ 2.24 ಕಿಲೋ; 60ನ್ನು 2.24ರಿಂದ ಗುಣಿಸಿದರೆ ಹೆಕ್ಟೇರಿಗೆ 134 ಕಿಲೋ. ಎಕರೆಗೆ ಸುಮಾರು 54. ಉತ್ತರ 60ರ ಹತ್ತಿರವೇ ಬರುತ್ತದೆ, ಅದಕ್ಕೇ ಈ ಮಾತು ನಿಜ ಅನಿಸುವುದು. ಆದರೆ ಈ 54 ಕಿಲೋ ತೋಟದಲ್ಲೇ ಇದೆ, ಅಲ್ವಾ?

ನೀವೇ ಪರೀಕ್ಷಿಸಬಹುದು. ಎರಡು ತೋಟದ ರಿಪೋರ್ಟ್ ಪಕ್ಕಪಕ್ಕ ಇಡಿ: ಒಂದರಲ್ಲಿ 150, ಇನ್ನೊಂದರಲ್ಲಿ 40. ಫಾರ್ವರ್ಡ್ ಹೇಳಿದಂತೆ ಮಾಡಿದರೆ ಪೊಟ್ಯಾಷ್ ಜಾಸ್ತಿ ಇರುವ ತೋಟಕ್ಕೇ ಜಾಸ್ತಿ ಗೊಬ್ಬರ ಬೀಳುತ್ತದೆ! ನೋಡಬೇಕಾದ್ದು ಪಕ್ಕದ ಕಾಲಂ: ಕಡಿಮೆ, ಮಧ್ಯಮ, ಹೆಚ್ಚು. ಜೊತೆಗೆ ಕೆಳಗಿನ ಶಿಫಾರಸು.

ಪಿಎಚ್‌ಗೆ ಕಿಲೋ ಲೆಕ್ಕವೇ ಇಲ್ಲ. 6ಕ್ಕಿಂತ 5 ಹತ್ತು ಪಟ್ಟು ಹುಳಿ. ಸುಣ್ಣ ಎಷ್ಟು ಬೇಕೆಂಬುದು ಮಣ್ಣಿನ ಜಿಗಿಯ ಮೇಲೂ ನಿಂತಿದೆ.

ಇನ್ನೊಂದು ವಿಷಯ. ಲ್ಯಾಬಿನವರು ಮಣ್ಣನ್ನು 2 ಮಿಲಿಮೀಟರ್ ಜರಡಿಯಲ್ಲಿ ಸೋಸಿ ಅಳೆಯುತ್ತಾರೆ. ಮುರಕಲ್ಲಿನ ಹರಳು ತುಂಬಿದ ಜಾಗದಲ್ಲಿ ನಿಜವಾದ ಮಣ್ಣು ಕಡಿಮೆ, ಹಾಗಾಗಿ 54 ಕಿಲೋ ಅಲ್ಲಿ ಇರಲಾರದು.