ಮಹಾರಾಜರೇ, ಫಾರಂ ತುಂಬಿದ್ದೀರಾ?

ಮೊನ್ನೆ ಮತ್ತೆ ಅದೇ ಸುದ್ದಿ. ಆಮಿಷ ಒಡ್ಡಿ ಮತಾಂತರ ಮಾಡುತ್ತಿದ್ದಾರೆ ಅಂತ ಆರೋಪ, ಬಾಗಿಲ ಮುಂದೆ ಗುಂಪು, ಹಿಂದೆಯೇ ಪೊಲೀಸ್ ಜೀಪು. ವಿವರ ನಿಮಗೇ ಗೊತ್ತು, ನಾನು ಮತ್ತೆ ಹೇಳಿ ನಿಮ್ಮ ಕಾಫಿ ಆರಿಸುವುದಿಲ್ಲ. ಊರಿನ ಹೆಸರು ಬದಲಾಗುತ್ತೆ, ಉಳಿದದ್ದೆಲ್ಲ ಹೋದ ಸಲದ್ದೇ.

ಆದರೆ ಈ ಸಲ ನಾನು ಸುಮ್ನೆ ಕೂರದೆ ನಮ್ಮ ರಾಜ್ಯದ ಮತಾಂತರ ಕಾಯ್ದೆಯನ್ನೇ ತೆಗೆದು ಓದಿದೆ. 2022ರದ್ದು. ಹೆಸರು ಕೇಳಿದರೇ ಎದೆ ತುಂಬಿ ಬರುತ್ತೆ: ಧಾರ್ಮಿಕ ಸ್ವಾತಂತ್ರ್ಯದ ಹಕ್ಕನ್ನು ಸಂರಕ್ಷಿಸುವ ಕಾಯ್ದೆ. ಸ್ವಾತಂತ್ರ್ಯವನ್ನು ಎಷ್ಟು ಜೋಪಾನವಾಗಿ ಸಂರಕ್ಷಿಸಿದ್ದಾರೆ ಅಂದರೆ, ಅದನ್ನು ಬಳಸಬೇಕಾದರೆ ಡಿಸಿ ಆಫೀಸಿನಿಂದ ಬಿಡಿಸಿಕೊಂಡು ಬರಬೇಕು.

ಧರ್ಮ ಬದಲಿಸಬೇಕು ಅನ್ನಿಸಿದವನು ಕನಿಷ್ಠ 30 ದಿನ ಮೊದಲೇ ಡಿಸಿಗೆ ನಿಗದಿತ ಫಾರಂನಲ್ಲಿ ಬರೆದು ಕೊಡಬೇಕು. ಬದಲಿಸಿಕೊಡುವ ಪಾದ್ರಿಯೋ ಮೌಲ್ವಿಯೋ ಭಿಕ್ಷುವೋ ಇನ್ನೊಂದು ಫಾರಂ ಕೊಡಬೇಕು. ಡಿಸಿ ಅದನ್ನು ತಮ್ಮ ಕಚೇರಿಯ ನೋಟಿಸ್ ಬೋರ್ಡಿಗೂ ತಾಲ್ಲೂಕು ಆಫೀಸಿನ ಬೋರ್ಡಿಗೂ ಹಾಕಿಸಿ, ಯಾರಿಗಾದರೂ ಆಕ್ಷೇಪಣೆ ಇದೆಯಾ ಅಂತ ಕೇಳುತ್ತಾರೆ. ಆಕ್ಷೇಪಣೆ ಬಂತು ಅನ್ನಿ. ಆಗ ಕಂದಾಯ ಇಲಾಖೆಯವರೋ ಸಮಾಜ ಕಲ್ಯಾಣ ಇಲಾಖೆಯವರೋ ವಿಚಾರಣೆ ಮಾಡಿ, ಈ ಮನುಷ್ಯನ ನಿಜವಾದ ಉದ್ದೇಶ ಏನು, ಕಾರಣ ಏನು ಅಂತ ಪತ್ತೆ ಮಾಡುತ್ತಾರೆ. ಇಷ್ಟೆಲ್ಲ ಆಗಿ ಮತಾಂತರವಾದ ಮೇಲೆ 30 ದಿನದೊಳಗೆ ಮತ್ತೊಂದು ಫಾರಂ. ಮತ್ತೆ ಬೋರ್ಡು. ಅದಾಗಿ 21 ದಿನದೊಳಗೆ ಖುದ್ದಾಗಿ ಹೋಗಿ, ಸ್ವಾಮೀ, ನಾನೇ ಅವನು ಅಂತ ತೋರಿಸಿಕೊಂಡು ಬರಬೇಕು.

ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಿದ್ದಿಸಲು ಅಲೆದಾಡಿಸುವ ಇಲಾಖೆಗೆ ಈಗ ಆತ್ಮದ ಸರ್ವೆ ಕೆಲಸವನ್ನೂ ಕೊಟ್ಟಿದ್ದಾರೆ. ಅವರ ಕಷ್ಟವೂ ಕಷ್ಟವೇ ಅಲ್ವಾ?

2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ವಾಪಸ್ ಪಡೆಯುವ ತೀರ್ಮಾನ ಮಾಡಿತು. ಸಂಪುಟದ ತೀರ್ಮಾನ ವಿಧಾನಸೌಧದ ಮೆಟ್ಟಿಲು ಇಳಿದು ಬರಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದನ್ನು ಓದುತ್ತಾ ನನಗೆ ನಮ್ಮ ವಿಷ್ಣುವರ್ಧನನ ನೆನಪಾಯಿತು. ಸಿನಿಮಾದವರಲ್ಲ, ಹೊಯ್ಸಳ ದೊರೆ. ಹುಟ್ಟಿದ್ದು ಜೈನ ಮನೆಯಲ್ಲಿ, ಹೆಸರು ಬಿಟ್ಟಿದೇವ. ಮುಂದಿನದು ಮೇಲುಕೋಟೆ, ತೊಣ್ಣೂರು ಕಡೆ ಎಲ್ಲರ ಬಾಯಲ್ಲೂ ಇರುವ ಕಥೆ. ದೊರೆಯ ಮಗಳಿಗೆ ಏನೋ ಮೆಟ್ಟಿಕೊಂಡಿತ್ತು. ತಮಿಳು ಸೀಮೆಯಿಂದ ಬಂದಿದ್ದ ರಾಮಾನುಜಾಚಾರ್ಯರು ಅದನ್ನು ಬಿಡಿಸಿದರು. ದೊರೆ ಶ್ರೀವೈಷ್ಣವನಾಗಿ ವಿಷ್ಣುವರ್ಧನ ಎಂದು ಹೆಸರಿಟ್ಟುಕೊಂಡ.

ಈಗ ಈ ಫೈಲು ಪಾಂಡವಪುರ ತಾಲ್ಲೂಕು ಆಫೀಸಿಗೆ ಬಂತು ಅಂದುಕೊಳ್ಳಿ.

ಮೊದಲನೆಯದು ಆಮಿಷ. ಕಾಯ್ದೆ ಪ್ರಕಾರ ಉಡುಗೊರೆ, ನೌಕರಿ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಓದು, ಮದುವೆಯಾಗುವ ಮಾತು, ಒಳ್ಳೆಯ ಜೀವನದ ಆಸೆ, ದೇವರ ಕೋಪದ ಹೆದರಿಕೆ ಎಲ್ಲವೂ ಆಮಿಷವೇ. ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳಿದರೂ ಆಮಿಷವೇ. ಮಗಳ ಕಾಯಿಲೆ ವಾಸಿ ಮಾಡಿದ್ದು? ಇವತ್ತು ಪ್ರಾರ್ಥನೆ ಮಾಡಿ ತಲೆನೋವು ಬಿಡಿಸಿದೆ ಅಂದವನ ಮೇಲೇ ದೂರು ಬೀಳುತ್ತೆ. ಆಚಾರ್ಯರು ಬಿಡಿಸಿದ್ದು ರಾಜಕುಮಾರಿಗೆ ಹಿಡಿದದ್ದನ್ನು. ಜಾಮೀನು ಕಷ್ಟ.

ಇನ್ನು ದೂರು ಕೊಡುವವರು ಯಾರು? ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ರಕ್ತಸಂಬಂಧಿ, ಮದುವೆಯಿಂದಾದ ನೆಂಟರು ಎಲ್ಲರಿಗೂ ಹಕ್ಕಿದೆ. ಸಹೋದ್ಯೋಗಿಗೂ ಇದೆ. ನಿಮ್ಮ ಪಕ್ಕದ ಟೇಬಲ್ಲಿನವನಿಗೆ ನಿಮ್ಮ ಮೋಕ್ಷದ ಮೇಲೆ ಅಷ್ಟು ಅಧಿಕಾರ. ವಿಷ್ಣುವರ್ಧನನ ವಿಷಯದಲ್ಲಿ ಅರ್ಜಿದಾರರಿಗೆ ಬರವೇ ಇಲ್ಲ. ಪಟ್ಟದ ರಾಣಿ ಶಾಂತಲೆ ಕೊನೆಯವರೆಗೂ ಜೈನಳೇ. ದಂಡನಾಯಕ ಗಂಗರಾಜನೂ ಜೈನನೇ. ಒಬ್ಬರು ಮದುವೆಯ ಸಂಬಂಧ, ಇನ್ನೊಬ್ಬರು ಸಹೋದ್ಯೋಗಿ. ಇಬ್ಬರೂ ಒಂದೇ ಎತ್ತಿನಗಾಡಿಯಲ್ಲಿ ಬಂದು ಅರ್ಜಿ ಕೊಡಬಹುದಿತ್ತು.

ಕೊಡಲಿಲ್ಲ ಅನ್ನುವುದೇ ತಮಾಷೆ. ಗಂಡ ಒಂದು ದೇವರಿಗೆ, ಹೆಂಡತಿ ಇನ್ನೊಂದಕ್ಕೆ ಕೈಮುಗಿದರು. ಸಂಸಾರವೂ ನಡೆಯಿತು, ಸಾಮ್ರಾಜ್ಯವೂ ನಡೆಯಿತು. 1133ರಲ್ಲಿ ಗಂಗರಾಜನ ಮಗ ಬೊಪ್ಪ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದಾಗ ಅಲ್ಲಿಂದ ಬಂದ ಪ್ರಸಾದವನ್ನು ಇದೇ ವಿಷ್ಣುವರ್ಧನ ಕಣ್ಣಿಗೊತ್ತಿಕೊಂಡು ತಗೊಂಡ. ಅದೇ ಹೊತ್ತಿಗೆ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಆ ಖುಷಿಯಲ್ಲಿ ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಿಟ್ಟು ಬಸದಿಗೆ ದಾನವನ್ನೂ ಕೊಟ್ಟ. ಶಾಸನದಲ್ಲಿದೆ. ಹಾಗಾದರೆ ಈ ಮನುಷ್ಯ ಮತಾಂತರ ಆಗಿದ್ದನಾ ಇಲ್ವಾ? ಇತಿಹಾಸದವರೇ ಇನ್ನೂ ಜಗಳ ಆಡುತ್ತಿದ್ದಾರೆ. ನಮ್ಮ ರೆವಿನ್ಯೂ ಇನ್‌ಸ್ಪೆಕ್ಟರಾದರೆ ಮಧ್ಯಾಹ್ನದ ಊಟದೊಳಗೆ ವರದಿ ಕೊಟ್ಟುಬಿಡುತ್ತಾರೆ.

ಉದ್ದೇಶ, ಕಾರಣ ಅಂದೆನಲ್ಲ. ಈ ವಿಚಾರಣೆಯನ್ನು ಸ್ವತಃ ಒಬ್ಬ ಪಾದ್ರಿಯೇ ಮಾಡಿ ಮುಗಿಸಿದ್ದಾರೆ. ಶ್ರೀರಂಗಪಟ್ಟಣದ ಗಂಜಾಂ ಕಡೆಯವರಿಗೆ ಅಬ್ಬೆ ದುಬಾಯ್ ಹೆಸರು ಗೊತ್ತು. ಫ್ರಾನ್ಸಿನವರು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಗೆ ಬಂದು, ಮುಸಲ್ಮಾನರಾಗಿದ್ದ ಕ್ರೈಸ್ತರನ್ನು ವಾಪಸ್ ಸೇರಿಸಿಕೊಂಡರು. ಅಂದರೆ ಘರ್ ವಾಪ್ಸಿ ನಮ್ಮಲ್ಲಿ ಹೊಸದೇನಲ್ಲ. ಜನ ಅವರನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಬಿಳಿ ಅಂಗಿ ತೊಟ್ಟು, ಇಲ್ಲಿನವರ ಹಾಗೇ ಬದುಕಿ, 25 ವರ್ಷ ದುಡಿದರು. ಸೇರಿಸಿಕೊಂಡ ಹೊಸಬರು ಒಟ್ಟು ಇನ್ನೂರು ಮುನ್ನೂರು ಜನ. ಅವರಲ್ಲೂ ಮೂರರಲ್ಲಿ ಎರಡು ಪಾಲು ಹೊಲೆಯರು ಮತ್ತು ಭಿಕ್ಷುಕರು. ಉಳಿದವರು ಗತಿಯಿಲ್ಲದೆ, ಹೆಚ್ಚಾಗಿ ಮದುವೆಗೊಂದು ಸಂಬಂಧ ಸಿಗಲಿ ಅಂತ ಬಂದವರು. ಇದನ್ನು ಅವರೇ ಪತ್ರದಲ್ಲಿ ಬರೆದು, ಈ ಕೆಲಸ ಆಗುವುದಲ್ಲ ಅಂತ ಕೈಚೆಲ್ಲಿ 1823ರಲ್ಲಿ ಊರಿಗೆ ಹೊರಟರು. ಮತಾಂತರದ ಬಗ್ಗೆ ಇಷ್ಟು ಪ್ರಾಮಾಣಿಕ ವರದಿ ಆಮೇಲೆ ಯಾವ ಇಲಾಖೆಯಿಂದಲೂ ಬಂದಂತಿಲ್ಲ.

ಮದುವೆ ಅಂದಾಗ ಇನ್ನೊಂದು. ಬ್ರಿಟಿಷರ ಕಾಲದಲ್ಲಿ ಎಷ್ಟೋ ಮುಸ್ಲಿಂ ಹೆಂಗಸರು ಕೆಟ್ಟ ಗಂಡನಿಂದ ಬಿಡಿಸಿಕೊಳ್ಳಲು ಬೇರೆ ದಾರಿ ಕಾಣದೆ ಧರ್ಮ ಬಿಡುತ್ತಿದ್ದರು, ಬಿಟ್ಟ ಕೂಡಲೇ ಮದುವೆ ಮುರಿಯುತ್ತಿತ್ತು. 1939ರಲ್ಲಿ ಕಾನೂನು ಬಂತು: ವಿಚ್ಛೇದನಕ್ಕೆ ಬೇರೆ ಕಾರಣಗಳನ್ನು ಕೊಟ್ಟಿದ್ದೇವೆ, ಇನ್ನು ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಅತ್ತ ಕೆಲವು ಹಿಂದೂ ಗಂಡಸರು ಎರಡನೇ ಮದುವೆಗೆ ಅಂತಲೇ ಇಸ್ಲಾಂಗೆ ಹೋಗುತ್ತಿದ್ದರು. 1995ರಲ್ಲಿ ಸುಪ್ರೀಂ ಕೋರ್ಟ್ ಅದು ನಡೆಯಲ್ಲ ಅಂತು. ಹೆಣ್ಣು ಓಡಿಹೋಗಲು ಧರ್ಮ ಬದಲಿಸಿದಳು, ಗಂಡು ಇನ್ನೊಬ್ಬಳನ್ನು ತರಲು.

ಧರ್ಮಗಳ ಮನೆಗೆ ಮುಂಬಾಗಿಲು ಇರುತ್ತೆ, ಹಿತ್ತಿಲ ಬಾಗಿಲು ಇರುವುದಿಲ್ಲ. ಇಸ್ಲಾಂಗೆ ಸೇರಲು ಎರಡು ವಾಕ್ಯ ಮನಸಾರೆ ಹೇಳಿದರೆ ಸಾಕು. ಬಿಟ್ಟವನಿಗೆ ಹಳೆಯ ಶಾಸ್ತ್ರಕಾರರು ಬರೆದದ್ದು ಮರಣದಂಡನೆ. ಕೆಲವು ದೇಶಗಳಲ್ಲಿ ಅದು ಇವತ್ತಿಗೂ ಕಾನೂನು, ನಮ್ಮಲ್ಲಲ್ಲ. ಕ್ಯಾಥೊಲಿಕ್ ಚರ್ಚು ಇನ್ನೂ ಮೆತ್ತಗೆ: ಒಮ್ಮೆ ಜ್ಞಾನಸ್ನಾನ ಆಯಿತೋ, ನೀವು ಏನೇ ಮಾಡಿ, ಆ ಗುರುತು ಅಳಿಯಲ್ಲ ಅನ್ನುತ್ತೆ. ಯಹೂದಿ ರಬ್ಬಿಗಳು ಬಂದವನನ್ನೇ ಮೊದಲು ವಾಪಸ್ ಕಳಿಸಿ ನೋಡುವುದು ಸಂಪ್ರದಾಯ. ಪಾರ್ಸಿಗಳ ಹಿರಿಯರು ಮುಂಬಾಗಿಲನ್ನೇ ಇಟ್ಟಿಲ್ಲ. ನಮ್ಮಲ್ಲಿ? ಬನ್ನಿ ಬನ್ನಿ ಅಂತ ಕರೆದು, ಒಳಗೆ ಬಂದ ಮೇಲೆ ಕೇಳುತ್ತಾರೆ: ಯಾವ ಜನ?

ಕಾಯ್ದೆಯಲ್ಲಿ ಒಂದು ಸಿಹಿ ವಿನಾಯಿತಿ ಇದೆ. ತನ್ನ ಹಿಂದಿನ ಧರ್ಮಕ್ಕೇ ಮರಳಿದರೆ ಅದು ಮತಾಂತರವೇ ಅಲ್ಲ. ಮನೆಗೆ ಬಂದವನ ಹತ್ತಿರ ಯಾರು ಫಾರಂ ಕೇಳುತ್ತಾರೆ? ಆದರೆ ಮನೆಯೊಳಗೆ ಯಾವ ಮೂಲೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ಕೇಸಿದೆ. ಕೆಜಿಎಫ್‌ನ ಎಸ್. ರಾಜಗೋಪಾಲ್ ಆದಿದ್ರಾವಿಡ ಜಾತಿಯವರು. 1949ರಲ್ಲಿ ಕ್ರೈಸ್ತರಾದರು, ಆಮೇಲೆ ಹಿಂದೂ ಧರ್ಮಕ್ಕೆ ಮರಳಿದರು. 1967ರಲ್ಲಿ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರದಿಂದ ಗೆದ್ದರು. ಸೋತ ಆರ್ಮುಗಂ ಕೋರ್ಟಿಗೆ ಹೋದರು. 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಇವರು ಮರಳಿ ಹಿಂದೂ ಆಗಿದ್ದಾರೆ, ಸರಿ. ಮರಳಿ ಆದಿದ್ರಾವಿಡ ಆಗಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಇಲ್ಲ. ಸ್ಥಾನ ಹೋಯಿತು. ಹಿಂದೂ, ಆದರೆ ಯಾವ ಜಾತಿಗೂ ಸೇರದ ಹಿಂದೂ! ಋಷಿಗಳು ತಪಸ್ಸು ಮಾಡಿದರೂ ಸಿಗದ ಪದವಿ, ಚುನಾವಣಾ ತಕರಾರಿನಲ್ಲಿ ಸಿಕ್ಕಿಬಿಟ್ಟಿತ್ತು.

1972ರಲ್ಲಿ ಅವರು ಮತ್ತೆ ಗೆದ್ದರು. ಆರ್ಮುಗಂ ಮತ್ತೆ ಕೋರ್ಟಿಗೆ. ಈ ಸಲ ಸಾಕ್ಷಿ ಇತ್ತು. ಆದಿದ್ರಾವಿಡರ ದೇವಸ್ಥಾನದ ಗೋಡೆಗೆ ಅಡಿಗಲ್ಲು ಹಾಕಲು ಇವರನ್ನು ಕರೆದಿದ್ದರು, ಮಾರಿಯಮ್ಮನ ಉತ್ಸವಕ್ಕೂ ಕರೆದಿದ್ದರು. ಜಾತಿಯವರೇ ಒಪ್ಪಿಕೊಂಡ ಮೇಲೆ ಮುಗಿಯಿತು ಅಂತ 1975ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಹಾಗಾಗಿ ವಾಪಸ್ ಬರುವವರಿಗೆ ನನ್ನ ಸಲಹೆ: ಜಾತ್ರೆಯಲ್ಲಿ ದೀಪ ಹಚ್ಚುವಾಗ ಒಂದು ಫೋಟೊ ತೆಗೆಸಿಟ್ಟುಕೊಳ್ಳಿ. ಭಕ್ತಿ ಇಲ್ಲದಿದ್ದರೂ ನಡೆಯುತ್ತೆ, ಫೋಟೊ ಇಲ್ಲದಿದ್ದರೆ ನಡೆಯಲ್ಲ.

ನಗುವುದು ಇಷ್ಟು ಸಾಕು ಅನ್ನಿಸುತ್ತೆ. 2024ರ ನವೆಂಬರ್‌ನಲ್ಲಿ ನಮ್ಮ ಮಂಡ್ಯ ಪಕ್ಕದ ಹನಕೆರೆಯಲ್ಲಿ ದಲಿತರು ಕಾಲಭೈರವೇಶ್ವರನ ಗುಡಿಯೊಳಗೆ ಕಾಲಿಟ್ಟರು, ಪೊಲೀಸ್ ಕಾವಲಿನಲ್ಲಿ. ಸಹಿಸಲಾರದವರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೊರಗೆ ಹೋದರು. ಒಳಗಿರುವವನನ್ನು ಹೀಗೆ ನಡೆಸಿಕೊಂಡು, ಅವನು ಹೊರಟರೆ ಯಾರು ಅಕ್ಕಿಮೂಟೆ ಕೊಟ್ಟರು ಅಂತ ಹುಡುಕುತ್ತೀರಿ. ಅವನು ಚರ್ಚಿಗೆ ಹೋದರೆ ಪರಿಶಿಷ್ಟ ಜಾತಿಯ ಸೌಲಭ್ಯ ನಿಲ್ಲುತ್ತೆ, ಮಸೀದಿಗೆ ಹೋದರೂ ನಿಲ್ಲುತ್ತೆ. 1950ರ ಆದೇಶ ಹಾಗಿದೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಅದರೊಳಗೆ ಸೇರಿಸಿಕೊಂಡರು, ಅಷ್ಟೇ. ಇದ್ದದ್ದನ್ನೂ ಕಳೆದುಕೊಳ್ಳುತ್ತೇನೆ ಅಂತ ಗೊತ್ತಿದ್ದೂ ಒಬ್ಬ ಹೊರಟು ನಿಂತಿದ್ದಾನೆ ಅಂದರೆ ಅವನಿಗೆ ಆಮಿಷ ಒಡ್ಡಿದವರು ಯಾರು ಸ್ವಾಮಿ? ವಿಚಾರಣೆಗೆ ಅವನ ಮನೆ ಬಾಗಿಲಿಗೇ ಜನ ಬರುತ್ತಾರೆ. ಮೂರ್ತಿ ಎತ್ತಿಕೊಂಡು ಹೋದವರ ಉದ್ದೇಶ ಏನು, ಕಾರಣ ಏನು ಅಂತ ಬರೆಸಿಕೊಳ್ಳುವ ಫಾರಂ ಮಾತ್ರ ಯಾವ ಸರ್ಕಾರವೂ ಇನ್ನೂ ಪ್ರಿಂಟ್ ಹಾಕಿಸಿಲ್ಲ.