ಮೇಲಿನ ಕೊಠಡಿಯಲ್ಲಿ, ಅದೇ ಸಮಯಕ್ಕೆ, ಒಂದು ದಿನ ಬಿಟ್ಟು

ಕಾರವಾರದ ಬಸ್ ನಿಲ್ದಾಣದಲ್ಲಿ ಬಸ್ಸಿನ ವೇಳೆಯನ್ನು ಊರು, ಹೊತ್ತು ಎಂದು ಗೆರೆ ಎಳೆದು ಬರೆಯುತ್ತಾರೆ. ಪಾಪ, ಅವರಿಗೆ ವ್ಯಾಕರಣ ಗೊತ್ತಿಲ್ಲ. ಕಾಲೇಜಿನ ಕಚೇರಿಗೆ ಆ ಕೆಲಸ ಕೊಟ್ಟಿದ್ದರೆ, “ಅಂಕೋಲಾ ಬಸ್ಸು ಕುಮಟಾ ಬಸ್ಸಿನ ತರುವಾಯ ಒಂದನ್ನು ಬಿಟ್ಟು ಮೇಲಿನ ಅಂಕಣದಿಂದಲೇ ಹೊರಡತಕ್ಕದ್ದು” ಎಂದು ಬರೆದು, ಕೆಳಗೆ ಸೀಲು ಒತ್ತುತ್ತಿದ್ದರು.

ಪರೀಕ್ಷೆಯ ಸುತ್ತೋಲೆಗಳು ಇದೇ ಜಾತಿಯವು. ಒಂದು ಮಾದರಿ ನೋಡಿ:

“ದಿನಾಂಕ 10-04-2026ರ ಶುಕ್ರವಾರದಿಂದ ಜರುಗುವ ಪರೀಕ್ಷೆಗಳಲ್ಲಿ ಕನ್ನಡ ಮತ್ತು ಇತಿಹಾಸವು ಕ್ರಮವಾಗಿ ಮೊದಲ ದಿನ ಹಾಗೂ ಅದರ ಮುಂದಿನ ಕಾರ್ಯದಿನದಂದು ಬೆಳಿಗ್ಗೆ 10ಕ್ಕೆ ಕೊಠಡಿ 7 ಮತ್ತು 9ರಲ್ಲಿಯೂ, ಅರ್ಥಶಾಸ್ತ್ರವು ಇತಿಹಾಸದ ನಂತರ ಒಂದು ದಿನ ಬಿಟ್ಟು ಮಧ್ಯಾಹ್ನ 2ಕ್ಕೆ ಮೇಲಿನ ಕೊಠಡಿಯಲ್ಲಿಯೂ, ರಾಜ್ಯಶಾಸ್ತ್ರವು ತಾ. 16ರ ಬುಧವಾರ ಅದೇ ಸಮಯಕ್ಕೂ ನಡೆಯತಕ್ಕದ್ದು.”

ಯಕ್ಷಗಾನದ ಒಡ್ಡೋಲಗದ ಹಾಗೆ. ಪರದೆಯ ಹಿಂದೆ ಕುಣಿತವೇ ಕುಣಿತ, ವೇಷ ಯಾವುದೆಂದು ತಿಳಿಯಬೇಕಾದರೆ ಕಾಯಬೇಕು. ಇಲ್ಲಿ ಕಾದವನಿಗೆ ಕೊನೆಗೆ ಸಿಗುವುದು “ತಕ್ಕದ್ದು” ಮಾತ್ರ.

ಇದನ್ನು ಪಟ್ಟಿ ಮಾಡಲು ಕೂತವರು ಮೊದಲು ದಿನಾಂಕ ಬರೆಯಲು ಹೋಗಿ ಎಡವುತ್ತಾರೆ. ಮೊದಲು ಬರೆಯಬೇಕಾದದ್ದು ವಿಷಯ. ನಾಲ್ಕು ವಿಷಯಕ್ಕೆ ನಾಲ್ಕು ಸಾಲು ಹಾಕಿ, ದಿನಾಂಕ, ವಾರ, ಹೊತ್ತು, ಕೊಠಡಿ ಎಂದು ಮನೆ ಎಳೆದು, ವಾಕ್ಯದಲ್ಲಿ ಬಿಡಿಯಾಗಿ ಹೇಳಿದ್ದನ್ನಷ್ಟೇ ತುಂಬಬೇಕು. “ಅದೇ”, “ಮೇಲಿನ”, “ನಂತರ” ಎಂಬ ಮಾತಿದ್ದ ಮನೆಗಳನ್ನು ಸದ್ಯ ಖಾಲಿ ಬಿಡಿ. ತಾರೀಖಿನ ಕ್ರಮಕ್ಕೆ ಜೋಡಿಸುವುದು ಕಟ್ಟಕಡೆಯ ಕೆಲಸ.

ಕನ್ನಡ 10, ಶುಕ್ರವಾರ, ಬೆಳಿಗ್ಗೆ 10. ತಕರಾರಿಲ್ಲ. ಇತಿಹಾಸ ಮರುದಿನವಲ್ಲ, ಮುಂದಿನ ಕಾರ್ಯದಿನ. 11 ಎರಡನೇ ಶನಿವಾರ, ರಜೆ, 12 ರವಿವಾರ. ಹಾಗಾಗಿ 13, ಸೋಮವಾರ. ಆದರೆ ಕೊಠಡಿ? “ಕ್ರಮವಾಗಿ” ಎಂಬ ಮಾತು ದಿನಗಳಿಗೆ ಮಾತ್ರವೋ, ಕೊಠಡಿಗೂ ಅಂಟಿಕೊಂಡಿದೆಯೋ? ಅಂಟಿದ್ದರೆ ಕನ್ನಡ 7ರಲ್ಲಿ, ಇತಿಹಾಸ 9ರಲ್ಲಿ. ಇಲ್ಲವಾದರೆ ಎರಡು ದಿನವೂ ಎರಡೂ ಕೊಠಡಿ, ಯಾರು ಎಲ್ಲಿ ಎಂಬುದು ನೋಂದಣಿ ಸಂಖ್ಯೆಯ ಮೇಲೆ. ಊಹಿಸಿ ತುಂಬಬೇಡಿ, “7/9?” ಎಂದೇ ಬರೆಯಿರಿ.

ಈಗ ಅರ್ಥಶಾಸ್ತ್ರ. 13ರ ನಂತರ ಒಂದು ದಿನ ಬಿಡಬೇಕು. 14 ಅಂಬೇಡ್ಕರ್ ಜಯಂತಿ. ಬಿಡಬೇಕಾದ ದಿನ ಇದೇ ಎಂದರೆ ಪರೀಕ್ಷೆ 15ಕ್ಕೆ. ಸರ್ಕಾರ ಬಿಟ್ಟ ದಿನ ಬೇರೆ, ನಾವು ಬಿಡುವ ದಿನ ಬೇರೆ ಎಂದರೆ 16ಕ್ಕೆ. ಇನ್ನು “ಮೇಲಿನ ಕೊಠಡಿ”: ಮೇಲೆ ಹೇಳಿದ 7 ಅಥವಾ 9 ಇರಬಹುದು, ಮಹಡಿಯ ಮೇಲಿನದೂ ಇರಬಹುದು. ಮಾಜಾಳಿಯಿಂದ ಬಂದ ಹುಡುಗ ಮೆಟ್ಟಿಲು ಹತ್ತಬೇಕೋ ಬೇಡವೋ ಎಂಬುದನ್ನು ಸುತ್ತೋಲೆ ಅವನ ಕಾಲಿಗೇ ಬಿಟ್ಟಿದೆ.

ರಾಜ್ಯಶಾಸ್ತ್ರದ್ದು ಇನ್ನೂ ಸೊಗಸು. 2026ರ ಏಪ್ರಿಲ್ 16 ಗುರುವಾರ. ಬುಧವಾರ 15ಕ್ಕೇ ಆಗಿಹೋಗುತ್ತದೆ. ಯಾವುದನ್ನು ನಂಬುವುದು? ಹಿಂದಿನ ವರ್ಷದ ಕ್ಯಾಲೆಂಡರ್ ತೆಗೆದು ನೋಡಿ: 2025ರ ಏಪ್ರಿಲ್ 16 ಬುಧವಾರವೇ ಆಗಿತ್ತು. ಅಧಿಕ ವರ್ಷದ ಫೆಬ್ರವರಿ 29 ನಡುವೆ ಬರದಿದ್ದರೆ ಅದೇ ತಾರೀಖಿನ ವಾರ ವರ್ಷಕ್ಕೊಂದು ಮುಂದೆ ಸರಿಯುತ್ತದೆ. ಅಂದರೆ ಹಳೆಯ ಸುತ್ತೋಲೆಯ ಆ ತುಂಡು ಹಾಗೆಯೇ ಉಳಿದಿರುವ ಸಂಶಯ ಬಲವಾಗಿದೆ. ತಾರೀಖನ್ನೂ ನಂಬುವಂತಿಲ್ಲ, ವಾರವನ್ನೂ ನಂಬುವಂತಿಲ್ಲ. ಅದಕ್ಕೇ ಪಟ್ಟಿಯಲ್ಲಿ ವಾರಕ್ಕೊಂದು ಬೇರೆ ಮನೆ ಬೇಕು. ಕಂಪ್ಯೂಟರಿನಲ್ಲಿ ಮಾಡುವವರು ತಾರೀಖನ್ನು A2 ಮನೆಯಲ್ಲಿ `2026-04-16` ಎಂದು ಹೊಡೆದು, ವಾರವನ್ನು ಸುತ್ತೋಲೆಯಿಂದ ನಕಲು ಮಾಡದೆ ಸೂತ್ರದಿಂದಲೇ ತರಿಸಬೇಕು:

```
=TEXT(A2,"dddd")
```

ಎರಡೂ ಹೊಂದದಿದ್ದಲ್ಲಿ ತಪ್ಪು ತಾನಾಗಿ ಕಾಣುತ್ತದೆ.

“ಅದೇ ಸಮಯ” ಎಂದರೆ ಹತ್ತಿರದ್ದು, ಮಧ್ಯಾಹ್ನ 2 ಎಂದುಕೊಳ್ಳೋಣ. ಆಗ ಎರಡೂ 15ಕ್ಕೆ ಬರುವಂತಿಲ್ಲ, ಎರಡೂ 16ಕ್ಕೂ ಬರುವಂತಿಲ್ಲ. ಒಬ್ಬನೇ ಹುಡುಗ ಒಂದೇ ಹೊತ್ತಿಗೆ ಎರಡು ಪತ್ರಿಕೆ ಬರೆಯಲಾರ. ನಾಲ್ಕು ದಾರಿಯಲ್ಲಿ ಎರಡು ಮುಚ್ಚಿದವು. ಉಳಿದೆರಡು ಹೀಗೆ: ಅರ್ಥಶಾಸ್ತ್ರ 15ಕ್ಕೆ, ರಾಜ್ಯಶಾಸ್ತ್ರ 16ಕ್ಕೆ, ಇಲ್ಲವೇ ತಿರುಗುಮುರುಗು. ಇಲ್ಲಿಂದಾಚೆ ಪೆನ್ಸಿಲಿಗೆ ದಾರಿಯಿಲ್ಲ, ಕಚೇರಿಯ ಕಿಟಕಿಯೇ ಗತಿ.

| ದಿನಾಂಕ | ವಾರ | ವಿಷಯ | ಹೊತ್ತು | ಕೊಠಡಿ |
|---|---|---|---|---|
| 10-04-2026 | ಶುಕ್ರ | ಕನ್ನಡ | ಬೆ. 10 | 7/9? |
| 13-04-2026 | ಸೋಮ | ಇತಿಹಾಸ | ಬೆ. 10 | 7/9? |
| 15/16? | ಬುಧ/ಗುರು? | ಅರ್ಥಶಾಸ್ತ್ರ | ಮ. 2 | 7/9/ಮಹಡಿ? |
| 16/15? | ಗುರು/ಬುಧ? | ರಾಜ್ಯಶಾಸ್ತ್ರ | ಮ. 2? | ಹೇಳಿಲ್ಲ |

ಕಿಟಕಿಗೆ ಹೋದಾಗ “ಪರೀಕ್ಷೆ ಯಾವಾಗ?” ಎಂದು ಕೇಳಿದರೆ ಸುತ್ತೋಲೆಯನ್ನೇ ಮತ್ತೆ ಓದಿ ಹೇಳುತ್ತಾರೆ. ಈ ಪಟ್ಟಿ ಹಿಡಿದು, ಪ್ರಶ್ನಾರ್ಥಕವಿರುವ ಮನೆಯ ಮೇಲೆ ಬೆರಳಿಟ್ಟು ಕೇಳಬೇಕು. ಆಗ ಗುಮಾಸ್ತರು ಕನ್ನಡಕ ಏರಿಸುತ್ತಾರೆ, ಒಳಗೆ ಹೋಗುತ್ತಾರೆ, ಸಂಜೆಯೊಳಗೆ ಫಲಕದ ಮೇಲೆ ತಿದ್ದುಪಡಿ ಬೀಳುತ್ತದೆ: “ಸದರಿ ಸುತ್ತೋಲೆಯಲ್ಲಿ ಬುಧವಾರ ಎಂದಿರುವಲ್ಲಿ ಅದರ ಮುಂದಿನ ವಾರವೆಂದೂ, ಮೇಲಿನ ಎಂದಿರುವಲ್ಲಿ ಕೆಳಗಿನ ಎಂದೂ ಓದಿಕೊಳ್ಳತಕ್ಕದ್ದು.”